ಪಾರೆಯಿಂದ ತೋಟಕ್ಕೆ ಬಿದ್ದ ಚೆಂಡು ಎಷ್ಟು ದೂರ ಹೋಯಿತು?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಮಕ್ಕಳಿಗೆ ಕ್ರಿಕೆಟ್ ಆಡಲು ಸಮತಟ್ಟು ಜಾಗ ಅಂದರೆ ಪಾರೆಯೇ. ಮೇಲೆ ಮುರಕಲ್ಲಿನ ಬೋಳು ಹಾಸು, ಅದರ ಅಂಚು ಮುಗಿದಲ್ಲಿ ಕಡಿದಾದ ಬರೆ, ಕೆಳಗೆ ಅಡಿಕೆ ತೋಟ. ಇಲ್ಲಿ ಜೋರಾಗಿ ಹೊಡೆದ ಚೆಂಡು ಬೌಂಡರಿಗೆ ಹೋಗುವುದಿಲ್ಲ, ತೋಟಕ್ಕೆ ಹೋಗುತ್ತದೆ. ಹುಡುಕಲು ಇಳಿದವನು ಅರ್ಧ ಗಂಟೆ ಬಿಟ್ಟು ಹತ್ತಿ ಬರುತ್ತಾನೆ, ಎಷ್ಟೋ ಸಲ ಬರಿಗೈಯಲ್ಲಿ.

ಪ್ಲಸ್ ವನ್ ಮಕ್ಕಳು ಸಂಜೆ ನನ್ನಲ್ಲಿಗೆ ಭೌತಶಾಸ್ತ್ರ ಕೇಳಲು ಬರುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಪ್ರೊಜೆಕ್ಟೈಲ್ ಪಾಠ ಬಂದಾಗ ಅವರ ತೊಂದರೆ ಇಂಗ್ಲಿಷಿನದ್ದು ಎಂದು ಮೊದಮೊದಲು ನಾನೂ ತಿಳಿದಿದ್ದೆ. ಅಲ್ಲ. ಸೂತ್ರ ಬಾಯಿಗೆ ಬರುತ್ತದೆ, ಪ್ರಶ್ನೆಯೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಪ್ಪುತ್ತದೆ. ತಪ್ಪುವ ಜಾಗ ಬಹುತೇಕ ಎರಡೇ: ಏಕಮಾನ ಬದಲಿಸುವಲ್ಲಿ, ಇಲ್ಲವೇ ಚಿತ್ರ ಬಿಡಿಸದೆ ಇರುವಲ್ಲಿ. ಹಾಗಾಗಿ ನಾನು ಹತ್ತು ಲೆಕ್ಕ ಮಾಡಿಸುವ ಬದಲು ಪಾರೆಯ ಚೆಂಡಿನ ಒಂದೇ ಲೆಕ್ಕ ಕೊಡುತ್ತೇನೆ.

ಲೆಕ್ಕ ಇದು. ಅಂಚಿನಿಂದ 20 ಮೀಟರ್ ಒಳಗೆ ನಿಂತವನು ಚೆಂಡನ್ನು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ, ನೆಲಕ್ಕೆ 30 ಡಿಗ್ರಿ ಕೋನದಲ್ಲಿ ಅಂಚಿನ ಕಡೆಗೆ ಎತ್ತಿ ಹೊಡೆದ. ಅಂಚಿನಿಂದ ತೋಟದ ನೆಲಕ್ಕೆ ಹಗ್ಗ ಇಳಿಬಿಟ್ಟು ಅಳೆದರೆ 50 ಅಡಿ. ಚೆಂಡು ಹೊಡೆದವನಿಂದ ಎಷ್ಟು ದೂರದಲ್ಲಿ ತೋಟದ ನೆಲ ಮುಟ್ಟುತ್ತದೆ?

ವೇಗ ಕಿಲೋಮೀಟರಿನಲ್ಲಿ, ಎತ್ತರ ಅಡಿಯಲ್ಲಿ, ದೂರ ಮೀಟರಿನಲ್ಲಿ. ಇದು ಮಕ್ಕಳನ್ನು ಬೀಳಿಸಲು ಬೇಕೆಂದೇ ಮಾಡಿದ ಗೋಜಲಲ್ಲ, ನಾವು ಮಾತಾಡುವುದೇ ಹಾಗೆ. ಬಾವಿಯ ಆಳ ಅಡಿಯಲ್ಲಿ, ಬೌಲರನ ವೇಗ ಕಿಲೋಮೀಟರಿನಲ್ಲಿ, ಓಟದ ಟ್ರ್ಯಾಕು ಮೀಟರಿನಲ್ಲಿ.

ಪೆನ್ನು ಸೂತ್ರದ ಕಡೆ ಹೋಗುವ ಮುಂಚೆ ಚಿತ್ರ ಆಗಬೇಕು.

```
 y^
  |         . H .
  |  .                .
  O------------A - - - - -C - - - -> x
               |            .
               |              .
             h |                .
               |                  .
               |                    .
               B---------------------Q---
  |<-- 20 m -->|
  |<--------------- R -------------->|
```

O ಎಂದರೆ ಚೆಂಡು ಬ್ಯಾಟಿನಿಂದ ಹೊರಟ ಜಾಗ. ಬ್ಯಾಟಿನ ಎತ್ತರವನ್ನು ಬಿಟ್ಟು ಅದು ನೆಲದಿಂದಲೇ ಹೊರಟಿತು ಎಂದಿಟ್ಟುಕೊಳ್ಳೋಣ. A ಪಾರೆಯ ಅಂಚು, B ಅದರ ನೇರ ಕೆಳಗೆ ತೋಟದ ನೆಲ. H ಚೆಂಡು ತಲುಪುವ ಅತಿ ಎತ್ತರದ ಜಾಗ. C ಎನ್ನುವುದು ಚೆಂಡು ಇಳಿಯುತ್ತ ಮತ್ತೆ ಪಾರೆಯ ಮಟ್ಟಕ್ಕೆ ಬರುವ ಜಾಗ. ಅಲ್ಲಿ ಕಾಲಿಡಲು ನೆಲವಿಲ್ಲ, ಬರೀ ಗಾಳಿ. Q ತೋಟದಲ್ಲಿ ಬೀಳುವ ಜಾಗ. ನಮಗೆ ಬೇಕಾದದ್ದು R, ಅಂದರೆ O ದಿಂದ Q ವರೆಗಿನ ಅಡ್ಡ ದೂರ.

ಚಿತ್ರದಲ್ಲಿ ಇನ್ನೊಂದು ತೀರ್ಮಾನವೂ ಅಡಗಿದೆ. y ಬಾಣ ಮೇಲಕ್ಕೆ ಇದೆ. ಹಾಗೆಂದರೆ O ಗಿಂತ ಮೇಲಿನದ್ದೆಲ್ಲ ಪ್ಲಸ್, ಕೆಳಗಿನದ್ದೆಲ್ಲ ಮೈನಸ್. ತೋಟದ ನೆಲ ಮೈನಸ್ h ನಲ್ಲಿದೆ, ಗುರುತ್ವದ ವೇಗೋತ್ಕರ್ಷ ಮೈನಸ್ g. ಇದನ್ನು ಈಗಲೇ ಬರೆದಿಟ್ಟರೆ ಮುಂದೆ ಚಿಹ್ನೆಗಾಗಿ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಈಗ ಏಕಮಾನ. ಎಲ್ಲವನ್ನೂ ಮೀಟರ್ ಮತ್ತು ಸೆಕೆಂಡಿಗೆ ತರಬೇಕು, ಯಾಕೆಂದರೆ g ಗೆ ನಾವು ಬಳಸುವ 9.8 ಎಂಬ ಸಂಖ್ಯೆ ಮೀಟರ್ ಸೆಕೆಂಡಿನದ್ದು. ಒಂದು ಕಿಲೋಮೀಟರಿಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡ್. ಹಾಗಾಗಿ 5/18 ರಿಂದ ಗುಣಿಸಬೇಕು. ಒಂದು ಅಡಿ ಎಂದರೆ ಸರಿಯಾಗಿ 0.3048 ಮೀಟರ್.

```
u = 72 × 5/18   = 20 m/s
h = 50 × 0.3048 = 15.24 m
```

ಸಿಕ್ಕಿದ ಈ ಬೆಲೆಗಳನ್ನು ಕೂಡಲೇ ಚಿತ್ರದ ಮೇಲೆಯೇ ಬರೆಯಿರಿ, ಪಕ್ಕದಲ್ಲಿ ಏಕಮಾನ ಸಮೇತ. h ಎಂಬ ಅಕ್ಷರದ ಬಳಿ ಬರೀ 50 ಎಂದು ಬರೆದಿಟ್ಟ ಚಿತ್ರ ಅರೆಬರೆ ಚಿತ್ರ. ಅದು ಯಾಕೆ ಅಪಾಯ ಎಂದು ಸ್ವಲ್ಪ ಮುಂದೆ ಹೇಳುತ್ತೇನೆ.

ಮುಂದಿನದ್ದು ವೇಗವನ್ನು ಎರಡಾಗಿ ಸೀಳುವುದು. θ ಎಂದರೆ ನಮ್ಮ 30 ಡಿಗ್ರಿ.

```
        /|
   u   / |
      /  |  u sin θ = 20 × 0.5   = 10 m/s
     / θ |
    O----+
   u cos θ = 20 × 0.866 = 17.32 m/s
```

ಹೀಗೆ ಸೀಳಬಹುದು ಎಂದು 1638 ರಲ್ಲೇ ಗೆಲಿಲಿಯೊ ಬರೆದಿಟ್ಟಿದ್ದ. ಅಡ್ಡ ಓಟಕ್ಕೂ ಮೇಲೆ ಕೆಳಗಿನ ಓಟಕ್ಕೂ ಒಂದರ ಹಂಗು ಇನ್ನೊಂದಕ್ಕಿಲ್ಲ. ಗುರುತ್ವ ಎಳೆಯುವುದು ಕೆಳಕ್ಕೆ ಮಾತ್ರ, ಆದ್ದರಿಂದ 17.32 ಕೊನೆಯವರೆಗೂ 17.32 ಆಗಿಯೇ ಇರುತ್ತದೆ. ಮೇಲೆ ಹೋಗುವ 10 ಮಾತ್ರ ಕರಗುತ್ತಾ ಸೊನ್ನೆಯಾಗಿ, ಮತ್ತೆ ಕೆಳಮುಖವಾಗಿ ಬೆಳೆಯುತ್ತದೆ. ಎರಡನ್ನೂ ಜೋಡಿಸುವ ಕೊಂಡಿ ಒಂದೇ, ಕಾಲ. ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು ಲಂಬ ಓಟ ಹೇಳುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಸಾಗಿತು ಎಂಬುದನ್ನು ಅಡ್ಡ ಓಟ ಹೇಳುತ್ತದೆ.

ಲಂಬ ದಿಕ್ಕಿನಲ್ಲಿ:

```
y = (u sin θ) t − ½ g t²
−15.24 = 10 t − 4.9 t²
4.9 t² − 10 t − 15.24 = 0
t = [10 ± √(100 + 298.7)] / 9.8
  = (10 ± 19.97) / 9.8
t = 3.06 s   ಅಥವಾ   t = −1.02 s
```

ಎರಡನೆಯ ಉತ್ತರವನ್ನು ಮಕ್ಕಳು ಕಣ್ಣು ಮುಚ್ಚಿ ಹೊಡೆದು ಹಾಕುತ್ತಾರೆ. ಬಿಸಾಡುವುದು ಸರಿಯೇ, ಆದರೆ ಅದಕ್ಕೊಂದು ಅರ್ಥವಿದೆ. ಚೆಂಡು ಬ್ಯಾಟಿನಿಂದ ಹೊರಡದೆ, ಇದೇ ದಾರಿಯಲ್ಲಿ ಮೊದಲೇ ಹಾರಿ ಬರುತ್ತಿದ್ದರೆ, O ಮುಟ್ಟುವ 1.02 ಸೆಕೆಂಡ್ ಮುಂಚೆ ಅದು ತೋಟದ ಮಟ್ಟದಲ್ಲಿ ಇರುತ್ತಿತ್ತು. ಸಮೀಕರಣಕ್ಕೆ ಬ್ಯಾಟೂ ಗೊತ್ತಿಲ್ಲ, ಪಾರೆಯೂ ಗೊತ್ತಿಲ್ಲ. ಅದು ಇಡೀ ಬಾಗಿದ ದಾರಿಯನ್ನು ಹೇಳುತ್ತದೆ. ಎಲ್ಲಿಂದ ಶುರು ಎನ್ನುವುದು ನಮಗೆ ಮಾತ್ರ ಗೊತ್ತು.

ಇನ್ನು ದೂರ:

```
R = 17.32 × 3.06 = 53 m
```

ಹೊಡೆದವನಿಂದ 53 ಮೀಟರ್. ಅದರಲ್ಲಿ 20 ಮೀಟರ್ ಪಾರೆಯ ಮೇಲೆಯೇ ಕಳೆಯಿತು. ಅಂಚಿನ ಬುಡದಿಂದ ಲೆಕ್ಕ ಹಾಕಿದರೆ 33 ಮೀಟರ್ ಆಚೆ.

ಉತ್ತರ ಸರಿಯೇ ಎಂದು ನೋಡಲು ನನಗೆ ಮೆಚ್ಚುಗೆಯ ದಾರಿ ಒಂದಿದೆ. ಬೀಳುವ ಹೊತ್ತಿನ ವೇಗವನ್ನು ಎರಡು ಬಗೆಯಲ್ಲಿ ಕಂಡುಹಿಡಿಯುವುದು. ಮೊದಲು ಕಾಲದಿಂದ: ಲಂಬ ವೇಗ 10 ರಿಂದ 9.8 × 3.06 ಕಳೆದರೆ ಸುಮಾರು ಮೈನಸ್ 20, ಅಡ್ಡ ವೇಗ 17.32, ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 26.4. ಆಮೇಲೆ ಶಕ್ತಿಯಿಂದ, ಕಾಲದ ಸುದ್ದಿಗೇ ಹೋಗದೆ:

```
v² = u² + 2gh = 400 + 298.7 = 698.7
v  = 26.4 m/s   (× 18/5 = 95 km/h)
```

ಎರಡೂ ಹೊಂದಿದರೆ ಬೀಜಗಣಿತ ಸರಿ. ಆದರೆ ಗಮನಿಸಿ, ಈ ಪರೀಕ್ಷೆ ಬೀಜಗಣಿತಕ್ಕೆ ಮಾತ್ರ. ನೀವು ಆರಂಭದಲ್ಲೇ ತಪ್ಪು h ಹಾಕಿದ್ದರೆ ಎರಡು ದಾರಿಗಳೂ ಅದೇ ತಪ್ಪು h ಹಿಡಿದು ಬಂದು, ಚೆನ್ನಾಗಿ ಹೊಂದಿಕೊಳ್ಳುತ್ತವೆ.

ತಪ್ಪುಗಳ ವಿಷಯಕ್ಕೆ ಬಂದೆ. ಎಲ್ಲ ತಪ್ಪುಗಳೂ ಒಂದೇ ಬಗೆಯವಲ್ಲ. ಕೆಲವು ಕೂಗಿ ಹೇಳುತ್ತವೆ, ಕೆಲವು ಸುಮ್ಮನೆ ಕೂತಿರುತ್ತವೆ.

ಕೂಗಿ ಹೇಳುವುದು 72 ನ್ನು ಹಾಗೆಯೇ ಹಾಕಿದ ತಪ್ಪು. ಆಗ R 483 ಮೀಟರ್ ಬರುತ್ತದೆ. ಸುಮಾರು ಅರ್ಧ ಕಿಲೋಮೀಟರ್. ಟೆನಿಸ್ ಚೆಂಡಿಗೆ ಬ್ಯಾಟ್ ಬೀಸಿದ ಯಾವ ಹುಡುಗನೂ ಇದನ್ನು ನಂಬುವುದಿಲ್ಲ. ಸಮತಟ್ಟು ನೆಲದ ಲೆಕ್ಕದಲ್ಲಾದರೆ ಈ ತಪ್ಪಿಗೆ ಒಂದು ಗುರುತು ಉಂಟು. ಅಲ್ಲಿ ದೂರ ವೇಗದ ವರ್ಗವನ್ನು ಹಿಡಿದು ಬೆಳೆಯುತ್ತದೆ, ಹಾಗಾಗಿ ವೇಗದಲ್ಲಿ ಆದ 3.6 ಪಟ್ಟು ತಪ್ಪು ದೂರದಲ್ಲಿ 3.6 × 3.6, ಅಂದರೆ 12.96 ಪಟ್ಟಾಗುತ್ತದೆ. ನಿಮ್ಮ ಉತ್ತರ ಪುಸ್ತಕದ ಉತ್ತರಕ್ಕಿಂತ ಹದಿಮೂರು ಪಟ್ಟು ದೊಡ್ಡದಿದ್ದರೆ ಬೇರೆಲ್ಲೂ ಹುಡುಕಬೇಡಿ, ಮೊದಲ ಸಾಲಿಗೆ ಹೋಗಿ.

ಸುಮ್ಮನೆ ಕೂತಿರುವುದು ಅಡಿಯ ತಪ್ಪು. ವೇಗವನ್ನು ಜಾಗ್ರತೆಯಿಂದ 20 ಮಾಡಿ, h ಗೆ ಮಾತ್ರ 50 ಎಂದೇ ಹಾಕಿದವರಿಗೆ ಕಾಲ 4.37 ಸೆಕೆಂಡ್, R 75.8 ಮೀಟರ್ ಬರುತ್ತದೆ. ಈ ಸಂಖ್ಯೆಯಲ್ಲಿ ಏನೂ ವಿಚಿತ್ರವಿಲ್ಲ. ಸಿಕ್ಸರು ಎಪ್ಪತ್ತೈದು ಮೀಟರ್ ಹೋಗುವುದನ್ನು ಟಿವಿಯಲ್ಲಿ ದಿನಾ ನೋಡುತ್ತೇವೆ. ಶಕ್ತಿಯ ಪರೀಕ್ಷೆಯೂ ಪಾಸಾಗುತ್ತದೆ. ತರಗತಿಯಲ್ಲಿ ನಾನು ಕಂಡಂತೆ ಅತಿ ಹೆಚ್ಚು ಮಕ್ಕಳು ಬೀಳುವುದು ಇಲ್ಲಿಯೇ, ಅದರಲ್ಲೂ ಲೆಕ್ಕದಲ್ಲಿ ಚುರುಕಾದವರು. ಕಿಲೋಮೀಟರನ್ನು ಬದಲಿಸಿದ ಮೇಲೆ ಏಕಮಾನದ ಕೆಲಸ ಮುಗಿಯಿತು ಎಂಬ ನೆಮ್ಮದಿ ಅವರಿಗೆ ಬಂದಿರುತ್ತದೆ.

ಇದನ್ನು ಹಿಡಿಯುವುದು ಹೇಗೆ? ಸಂಖ್ಯೆಯಿಂದ ಆಗುವುದಿಲ್ಲ, ಚಿತ್ರದಿಂದ ಆಗುತ್ತದೆ. ಒಂದು ಸಂಜೆ 75.8 ಬರೆದುಕೊಂಡು ಬಂದ ಹುಡುಗಿಯನ್ನು ಕೇಳಿದೆ, "ಪಾರೆಯ ಅಂಚಲ್ಲಿ ನಿಂತರೆ ಅಡಿಕೆಮರದ ತಲೆ ನಿನಗೆ ಎಲ್ಲಿ ಕಾಣ್ತದೆ?"

"ಕಾಲಬುಡದಲ್ಲೇ ಕಾಣ್ತದೆ ಸರ್, ಸ್ವಲ್ಪ ಕೆಳಗೆ."

"ಹಾಗಾದ್ರೆ ಬರೆ ಎಷ್ಟು ಮರದ ಎತ್ತರ?"

"ಒಂದು ಮರಕ್ಕಿಂತ ಚೂರು ಹೆಚ್ಚು."

"ನಿನ್ನ ಚಿತ್ರದಲ್ಲಿ?"

ಅವಳು ಚಿತ್ರ ನೋಡಿದಳು. 40 ಅಡಿಯ ಮರ ಎಂದರೆ ಸುಮಾರು 12 ಮೀಟರ್. 50 ಮೀಟರಿನ ಬರೆ ಎಂದರೆ ನಾಲ್ಕು ಅಡಿಕೆಮರಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿದಷ್ಟು. "ಅಯ್ಯೋ, ಅಡಿ!" ಎಂದು ರಬ್ಬರ್ ಹುಡುಕಿದಳು. ಚಿತ್ರದಲ್ಲಿ h ನ ಪಕ್ಕ ಏಕಮಾನ ಬರೆಯಲು ನಾನು ಹಟ ಹಿಡಿಯುವುದು ಇದಕ್ಕೇ. 50 ಎಂದರೆ ಬರೀ ಸಂಖ್ಯೆ; 50 ಮೀಟರ್ ಎಂದು ಬರೆದ ಕೂಡಲೇ ಅದು ಕಣ್ಣಿಗೆ ಕಾಣುವ ಎತ್ತರವಾಗುತ್ತದೆ, ಕಂಡ ಮೇಲೆ ಅದರ ಸುಳ್ಳು ಗೊತ್ತಾಗುತ್ತದೆ.

ಚಿಹ್ನೆಯ ತಪ್ಪು ಇವೆರಡರ ನಡುವಿನದ್ದು. y ನ್ನು ಪ್ಲಸ್ 15.24 ಎಂದು ಹಾಕಿದರೆ ವರ್ಗಮೂಲದ ಒಳಗೆ 100 − 298.7 ಬಂದು ಕೂರುತ್ತದೆ. "ಸರ್, ಇದೆಂತ ರೂಟಿನ ಒಳಗೆ ಮೈನಸ್ ಬಂತು?" ಎಂದು ಕೇಳುವವರು ಬದುಕಿಕೊಳ್ಳುತ್ತಾರೆ. ಕೇಳದೆ ಗುಟ್ಟಾಗಿ ಆ ಮೈನಸ್ ಅಳಿಸಿ ಮುಂದೆ ಹೋಗುವವರು ಕೆಡುತ್ತಾರೆ. ಸಮೀಕರಣ ಅಲ್ಲಿ ಒಂದು ನಿಜ ಹೇಳುತ್ತಿದೆ: ನೀವು ಕೇಳಿದ್ದು ಚೆಂಡು ಪಾರೆಗಿಂತ 15.24 ಮೀಟರ್ ಮೇಲೆ ಯಾವಾಗ ಇರುತ್ತದೆ ಎಂದು. ಉತ್ತರ, ಯಾವಾಗಲೂ ಇಲ್ಲ. ಚಿತ್ರದ H ಇರುವುದೇ 10² ÷ 19.6, ಅಂದರೆ 5.1 ಮೀಟರ್ ಎತ್ತರದಲ್ಲಿ.

ಫೋನಿನ ಕ್ಯಾಲ್ಕುಲೇಟರಿನಲ್ಲಿ `RAD` ಎಂದಿದ್ದು sin 30 ಒತ್ತಿದರೆ 0.5 ರ ಬದಲು −0.988 ಬರುತ್ತದೆ. ಮೇಲಕ್ಕೆ ಹೊಡೆದ ಚೆಂಡು ನೆಲದೊಳಕ್ಕೆ ಹೊರಟಿತು ಎಂದಾಯಿತು. `DEG` ಗೆ ತಂದುಕೊಂಡರೆ ಮುಗಿಯಿತು.

ಇನ್ನೊಂದು ತಪ್ಪು ಸ್ವಲ್ಪ ಹೊತ್ತು ಕೂತು ನೋಡಬೇಕಾದದ್ದು. ಪಾಠದಲ್ಲಿ ದಪ್ಪ ಅಕ್ಷರದಲ್ಲಿ ಇರುವ ದೂರದ ಸೂತ್ರ ಎಲ್ಲರಿಗೂ ಬಾಯಿಪಾಠ:

```
R = u² sin 2θ / g = 400 × 0.866 / 9.8 = 35.3 m
```

ಇದನ್ನು ನೇರ ಬಳಸಿದರೆ 35.3 ಮೀಟರ್. ಆದರೆ ಈ ಸೂತ್ರ ಹುಟ್ಟಿದ್ದು ಹೊರಟ ಮಟ್ಟಕ್ಕೇ ಮರಳಿ ಬರುವ ಚೆಂಡಿಗೆ, y ನ್ನು ಸೊನ್ನೆ ಎಂದು ಇಟ್ಟು. ಅಂದರೆ ಅದು ಹೇಳುವುದು ಚಿತ್ರದ C ಬಿಂದುವನ್ನು, ಅಂಚಿನಿಂದ 15 ಮೀಟರ್ ಆಚೆ ಗಾಳಿಯಲ್ಲಿ ಇರುವ ಜಾಗವನ್ನು. ಅಲ್ಲಿಂದ ಚೆಂಡಿಗೆ ಇನ್ನೂ ಒಂದು ಸೆಕೆಂಡಿನಷ್ಟು ಬೀಳುವ ಕೆಲಸ ಬಾಕಿ ಇದೆ.

ಇದೇ ಕಾರಣಕ್ಕೆ "45 ಡಿಗ್ರಿಗೆ ಹೊಡೆದರೆ ಅತಿ ದೂರ" ಎಂಬ ಮಾತೂ ಪಾರೆಯ ಮೇಲೆ ನಡೆಯುವುದಿಲ್ಲ. ಅದೇ 20 ಮೀಟರ್ ವೇಗದಲ್ಲಿ 45 ಡಿಗ್ರಿಗೆ ಹೊಡೆದು ನೋಡಿ: ಎರಡೂ ಭಾಗಗಳು 14.14, ಕಾಲ 3.72 ಸೆಕೆಂಡ್, ದೂರ 52.6 ಮೀಟರ್. ನಮ್ಮ 30 ಡಿಗ್ರಿಯ 53 ಕ್ಕಿಂತ ಚೂರು ಕಡಿಮೆಯೇ! ಎತ್ತರದ ಜಾಗದಲ್ಲಿ ನಿಂತವನಿಗೆ ಗಾಳಿಯಲ್ಲಿ ಇರುವ ಸಮಯ ಬರೆಯ ಇಳಿತದಿಂದಲೇ ಪುಕ್ಕಟೆ ಸಿಗುತ್ತದೆ. ಅವನು ತನ್ನ ವೇಗವನ್ನು ಮೇಲಕ್ಕೆ ಕಡಿಮೆ, ಮುಂದಕ್ಕೆ ಹೆಚ್ಚು ಹಂಚಿಕೊಳ್ಳುವುದು ಲಾಭ. ಅತಿ ಹೆಚ್ಚು ದೂರ ಕೊಡುವ ಕೋನಕ್ಕೆ ಒಂದು ಚಂದದ ಸೂತ್ರವಿದೆ, ಹೊರಡುವ ವೇಗವನ್ನು ಬೀಳುವ ವೇಗದಿಂದ ಭಾಗಿಸಿದರೆ ಆ ಕೋನದ tan ಸಿಗುತ್ತದೆ:

```
tan θ = u / v = 20 / 26.4   →   θ ≈ 37°
R     = u v / g ≈ 53.9 m
```

ಬರೆಯ ಎತ್ತರ ಸೊನ್ನೆಯಾದರೆ u ಮತ್ತು v ಒಂದೇ ಆಗಿ, ಹಳೆಯ 45 ಡಿಗ್ರಿಯೇ ಮರಳಿ ಬರುತ್ತದೆ.

ಚಿತ್ರ ಸರಿಯಾಗಿ ಇದ್ದರೆ ಪ್ರಶ್ನೆಯನ್ನು ಮುಂದಕ್ಕೂ ಎಳೆಯಬಹುದು. ಹೊಡೆದವನಿಂದ 45 ಮೀಟರ್ ದೂರದಲ್ಲಿ, ಚೆಂಡಿನ ದಾರಿಗೆ ಸರಿಯಾಗಿ, 40 ಅಡಿಯ ಒಂದು ಅಡಿಕೆಮರ ಇದೆ ಎನ್ನಿ. ಚೆಂಡು ಅದರ ಮೇಲಿಂದ ದಾಟುತ್ತದೆಯೇ? ಇಲ್ಲಿ ಕ್ರಮ ತಿರುಗುಮುರುಗು: ದೂರದಿಂದ ಕಾಲ, ಕಾಲದಿಂದ ಎತ್ತರ.

```
t = 45 / 17.32 = 2.6 s
y = 10 × 2.6 − 4.9 × 2.6² = −7.1 m
```

ಪಾರೆಯ ಮಟ್ಟದಿಂದ 7.1 ಮೀಟರ್ ಕೆಳಗೆ ಎಂದರೆ ತೋಟದ ನೆಲದಿಂದ 15.24 − 7.1, ಸುಮಾರು 8.1 ಮೀಟರ್ ಮೇಲೆ. ಅಡಿಗೆ ಮರಳಿಸಿದರೆ 27 ಅಡಿ. ಮರ 40 ಅಡಿ. ದಾಟುವುದಿಲ್ಲ, ಸೋಗೆಗಿಂತ ಸಾಕಷ್ಟು ಕೆಳಗೆ ಕಾಂಡಕ್ಕೇ ಹೊಡೆಯುತ್ತದೆ. ಇಲ್ಲಿ ಮೈನಸ್ 7.1 ನ್ನು ಮರದ ಎತ್ತರಕ್ಕೆ ನೇರ ಹೋಲಿಸಿದವರು ತಪ್ಪುತ್ತಾರೆ. y ಅಳೆಯುವುದು ಪಾರೆಯಿಂದ, ಮರ ಅಳೆಯುವುದು ತೋಟದಿಂದ.

ಇಷ್ಟೆಲ್ಲ ಆದ ಮೇಲೆ ಪಾರೆಯ ಹುಡುಗರ ಅನುಭವ ನಮ್ಮ 53 ಮೀಟರನ್ನು ಒಪ್ಪುವುದಿಲ್ಲ. "ಅಷ್ಟು ದೂರ ಎಲ್ಲಿ ಹೋಗ್ತದೆ ಸರ್, ಅಂಚಿನ ಹತ್ತಿರವೇ ಸಿಗ್ತದೆ" ಎನ್ನುತ್ತಾರೆ. ಅವರು ಹೇಳುವುದೇ ಸರಿ. ನಮ್ಮ ಸಮೀಕರಣದಲ್ಲಿ ಗಾಳಿಯೇ ಇಲ್ಲ. ಟೆನಿಸ್ ಚೆಂಡು ತೂಗುವುದು ಸುಮಾರು 58 ಗ್ರಾಂ, ಭೂಮಿ ಅದನ್ನು ಎಳೆಯುವ ಬಲ 0.57 ನ್ಯೂಟನ್. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ 0.45 ನ್ಯೂಟನ್, ತೂಕದ ಮುಕ್ಕಾಲು ಭಾಗ. ಇಂಥ ಬಲವನ್ನು ಇಲ್ಲವೆಂದು ಬಿಡುವ ಹಾಗಿಲ್ಲ. ಗಟ್ಟಿ ಕ್ರಿಕೆಟ್ ಚೆಂಡಿನ ತೂಕ 160 ಗ್ರಾಮಿನ ಆಸುಪಾಸು; ಅದಕ್ಕೂ ಗಾಳಿಯ ತಡೆ ಇದೇ ಅಳತೆಯದ್ದು, ಆದರೆ ತೂಕದ ಮುಂದೆ ಅದು ಮೂರರಲ್ಲೊಂದು ಪಾಲಿಗಿಂತ ಹೆಚ್ಚಲ್ಲ. ಹಿಡಿಗಾತ್ರದ ಕಲ್ಲಿಗೆ ಇನ್ನೂ ಕಡಿಮೆ. ಪುಸ್ತಕದ ಲೆಕ್ಕಗಳು ಕಲ್ಲನ್ನೇ ಹೆಚ್ಚಾಗಿ ಎಸೆಯುವುದು ಬಹುಶಃ ಇದಕ್ಕೇ ಇರಬೇಕು.

ಗಾಳಿಯನ್ನು ಸೇರಿಸಿದರೆ ಒಂದೇ ಸಾಲಿನ ಸೂತ್ರ ಸಿಗುವುದಿಲ್ಲ, ಯಾಕೆಂದರೆ ತಡೆ ವೇಗದ ಜೊತೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅಡ್ಡ ಓಟ ಲಂಬ ಓಟಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕಾಲು ಸೆಕೆಂಡಿನ ಹೆಜ್ಜೆ ಇಟ್ಟುಕೊಂಡು, ಪ್ರತಿ ಹೆಜ್ಜೆಗೂ ಹೊಸ ವೇಗ, ಹೊಸ ತಡೆ ಎಂದು ಕಾಗದದ ಮೇಲೆ ನಡೆಸಿಕೊಂಡು ಹೋದೆ. ಹನ್ನೆರಡು ಹೆಜ್ಜೆಗೆ ಚೆಂಡು ತೋಟ ಮುಟ್ಟಿತು, ಹೊಡೆದವನಿಂದ 35 ಮೀಟರಿನ ಒಳಗೇ. 45 ಮೀಟರಿನ ಆ ಮರದ ಹತ್ತಿರಕ್ಕೂ ಅದು ಹೋಗಲಿಲ್ಲ. ಚೆಂಡು ಹುಡುಕಲು ಇಳಿಯುವವನು ಬರೆಯ ಬುಡದಿಂದ ಹದಿನೈದು ಮೀಟರ್ ಒಳಗೆ ನೋಡಲಿ. ಪರೀಕ್ಷೆಯಲ್ಲಿ ಮಾತ್ರ 53 ಎಂದೇ ಬರೆಯಲಿ.